ಗೀತೆಯ ಒಂದು ಶ್ಲೋಕ, ಎರಡು ಪಾಠ: ಪಾಠಾಂತರದ ಬಗ್ಗೆ ಪ್ರಬಂಧ ಬರೆಯುವುದು ಹೇಗೆ?

ಎಂ.ಎ. ಓದುವಾಗ ಗ್ರಂಥಸಂಪಾದನೆಯ ಮೇಲೆ ನಾನು ಬರೆದ ಮೊದಲ ಪ್ರಬಂಧ ಹತ್ತು ಪುಟ ಇತ್ತು. ಅದರಲ್ಲಿ ಎಂಟು ಪುಟ ಬರೀ ಪಟ್ಟಿ. ಈ ಪ್ರತಿಯಲ್ಲಿ ಹೀಗಿದೆ, ಆ ಪ್ರತಿಯಲ್ಲಿ ಹಾಗಿದೆ, ಅಷ್ಟೇ. ಮೇಷ್ಟ್ರು ಕೊನೆಯ ಪುಟದಲ್ಲಿ ಕೆಂಪು ಮಸಿಯಲ್ಲಿ ಒಂದೇ ಸಾಲು ಬರೆದಿದ್ದರು: "ಸರಿ, ಇವುಗಳಲ್ಲಿ ಯಾವುದರಿಂದ ಯಾವುದು ಹುಟ್ಟಿತು?" ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ನಾನೇ ಇಂಥ ಪ್ರಬಂಧಗಳನ್ನು ತಿದ್ದುತ್ತೇನೆ. ನೂರಕ್ಕೆ ತೊಂಬತ್ತು ಪ್ರಬಂಧಗಳು ಎಡವುವುದು ಇದೇ ಜಾಗದಲ್ಲಿ.

ಇಲ್ಲಿ ಉದಾಹರಣೆಗೆ ಭಗವದ್ಗೀತೆಯನ್ನೇ ತೆಗೆದುಕೊಂಡಿದ್ದೇನೆ. ಮನೆಯಲ್ಲೇ ಪುಸ್ತಕ ಇರುತ್ತದೆ, ಶ್ಲೋಕ ಬಾಯಿಗೆ ಬರುತ್ತದೆ, ಆದರೂ ಅದಕ್ಕೆ ಪಾಠಾಂತರ ಇದೆ, ಅಂದರೆ ಒಂದೇ ಶ್ಲೋಕ ಬೇರೆ ಬೇರೆ ಪ್ರತಿಗಳಲ್ಲಿ ಬೇರೆ ಬೇರೆ ಪದಗಳಲ್ಲಿ ಇದೆ ಅನ್ನುವುದು ಎಷ್ಟೋ ಜನಕ್ಕೆ ಹೊಸ ಸುದ್ದಿ.

ಮೊದಲು ಒಂದೇ ಶ್ಲೋಕ ಹಿಡಿಯಿರಿ

ಇಡೀ ಗೀತೆಯ ಪಾಠಭೇದ ಅಂತ ಹೊರಟರೆ ಮತ್ತೆ ಪಟ್ಟಿಯೇ ಆಗುತ್ತದೆ. ಒಂದು ಶ್ಲೋಕ ಸಾಕು. ಎರಡನೇ ಅಧ್ಯಾಯದ ಹನ್ನೊಂದನೆಯದು ಇದಕ್ಕೆ ಹೇಳಿ ಮಾಡಿಸಿದಂತಿದೆ. ಕೃಷ್ಣನ ಉಪದೇಶ ನಿಜವಾಗಿ ಶುರುವಾಗುವುದೇ ಇಲ್ಲಿ. ನಮಗೆಲ್ಲ ಗೊತ್ತಿರುವ ಸಾಲು ಹೀಗಿದೆ:

ಅಶೋಚ್ಯಾನನ್ವಶೋಚಸ್ತ್ವಂ ಪ್ರಜ್ಞಾವಾದಾಂಶ್ಚ ಭಾಷಸೇ

"ಅಳಬಾರದವರಿಗಾಗಿ ಅತ್ತೆ, ಜೊತೆಗೆ ಜಾಣರ ಮಾತನ್ನೂ ಆಡುತ್ತೀಯ" ಅಂತ ಅರ್ಥ. ಕಾಶ್ಮೀರದಲ್ಲಿ ಉಳಿದು ಬಂದ ಪಾಠದಲ್ಲಿ ಇದೇ ಸಾಲು ಬೇರೆ ಥರ ಇದೆ:

ಅಶೋಚ್ಯಾನನುಶೋಚಂಸ್ತ್ವಂ ಪ್ರಾಜ್ಞವನ್ನಾಭಿಭಾಷಸೇ

ಕನ್ನಡದ ಕಣ್ಣಿಗೆ ಅದು "ಪ್ರಾಜ್ಞವನ್ನು" ಅಂತ ಕಾಣುತ್ತದೆ, ಮೋಸ ಹೋಗಬೇಡಿ. ಬಿಡಿಸಿದರೆ ಪ್ರಾಜ್ಞವತ್, ನ, ಅಭಿಭಾಷಸೇ. "ಅಳಬಾರದವರಿಗಾಗಿ ಅಳುತ್ತಾ ನೀನು ಜಾಣನ ಹಾಗೆ ಮಾತಾಡುತ್ತಿಲ್ಲ." ಅರ್ಥ ಹೆಚ್ಚುಕಡಿಮೆ ತಿರುಗಿಯೇ ಹೋಯಿತು. ಒಂದರಲ್ಲಿ ಅರ್ಜುನ ಜಾಣರ ಮಾತು ಆಡುತ್ತಿದ್ದಾನೆ, ಇನ್ನೊಂದರಲ್ಲಿ ಆಡುತ್ತಿಲ್ಲ.

ಪ್ರಬಂಧದಲ್ಲಿ ಎರಡೂ ಸಾಲನ್ನು ಹೀಗೆ ಒಂದರ ಕೆಳಗೆ ಒಂದು ಪೂರ್ತಿಯಾಗಿ ಬರೆಯಿರಿ. ಬೇರೆಯಾದ ಪದ ಮಾತ್ರ ಕಿತ್ತು ಕೊಟ್ಟರೆ ಓದುವವರಿಗೆ ಛಂದಸ್ಸು ಕಾಣುವುದಿಲ್ಲ, ವಾಕ್ಯದ ಕಟ್ಟೂ ಕಾಣುವುದಿಲ್ಲ. ಮುಂದೆ ನಿಮಗೆ ಆ ಎರಡೂ ಬೇಕಾಗುತ್ತವೆ.

ಒಂದು ಉಪಯೋಗದ ವಿಷಯ. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನಾ ಸಂಸ್ಥೆ ಹಸ್ತಪ್ರತಿಗಳನ್ನು ಹೋಲಿಸಿ ತಂದ ಮಹಾಭಾರತ ಆವೃತ್ತಿಯಲ್ಲಿ ಗೀತೆ ಭೀಷ್ಮಪರ್ವದ 23ರಿಂದ 40ರ ವರೆಗಿನ ಅಧ್ಯಾಯಗಳಲ್ಲಿದೆ. ಅಂದರೆ ಗೀತೆಯ 2.11 ಅಲ್ಲಿ 6.24.11 ಆಗುತ್ತದೆ. ಹಳೆಯ ಪ್ರಚಲಿತ ಮುದ್ರಣಗಳಲ್ಲಿ ಇದೇ ಭಾಗ 25ರಿಂದ 42. ಈ ಎರಡು ಅಧ್ಯಾಯದ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ತಪ್ಪು ಪುಟದ ಅಡಿಟಿಪ್ಪಣಿ ಓದಿ ಒದ್ದಾಡುತ್ತಾರೆ. ಆ ಆವೃತ್ತಿಯ ಭೀಷ್ಮಪರ್ವವನ್ನು ಸಂಪಾದಿಸಿದವರು ಎಸ್.ಕೆ. ಬೆಲ್ವಲ್ಕರ್. ಈ ಶ್ಲೋಕದಲ್ಲಿ ಅವರು ಅಡಿಟಿಪ್ಪಣಿಗೆ ತಳ್ಳದೆ ಮೇಲೆ ಮೂಲದಲ್ಲಿ ಇಟ್ಟದ್ದು ನಮಗೆ ಗೊತ್ತಿರುವ ಪಾಠವನ್ನೇ.

ಸಾಕ್ಷಿ ಯಾರು, ಎಲ್ಲಿಗೆ ಸಾಕ್ಷಿ?

ಹಸ್ತಪ್ರತಿ ಮಾತ್ರ ಸಾಕ್ಷಿ ಅಂದುಕೊಳ್ಳಬೇಡಿ. ಗೀತೆಯ ವಿಷಯದಲ್ಲಿ ವ್ಯಾಖ್ಯಾನಗಳೇ ದೊಡ್ಡ ಸಾಕ್ಷಿ. ಕಾರಣ ಸರಳ. ನಮ್ಮ ದೇಶದ ಹವೆಗೆ ಓಲೆಗರಿ, ಭೂರ್ಜಪತ್ರ ಜಾಸ್ತಿ ಕಾಲ ಬಾಳುವುದಿಲ್ಲ. ಸಿಕ್ಕಿರುವ ಪ್ರತಿಗಳು ಬಹುತೇಕ ಈಚಿನ ಶತಮಾನಗಳವು. ಆದರೆ ಶಂಕರರು ಎಂಟನೇ ಶತಮಾನದ ಆಸುಪಾಸಿನಲ್ಲಿ ಒಂದು ಪದ ಹಿಡಿದು ಅರ್ಥ ಹೇಳಿದ್ದಾರೆ ಎಂದರೆ, ಆ ಪದ ಆಗ ಅವರ ಮುಂದೆ ಇತ್ತು ಅಂತಾಯಿತು.

2.11ಕ್ಕೆ ಶಂಕರಭಾಷ್ಯ ತೆಗೆದು ನೋಡಿ. "ಪ್ರಜ್ಞಾವಾದಾನ್" ಎಂಬುದನ್ನು "ಪ್ರಜ್ಞಾವತಾಂ ಬುದ್ಧಿಮತಾಂ ವಾದಾನ್" ಎಂದು ಬಿಡಿಸಿ, "ವಚನಾನಿ" ಎಂದು ಅರ್ಥ ಕೊಟ್ಟಿದ್ದಾರೆ. ಬುದ್ಧಿವಂತರ ಮಾತುಗಳು ಅಂತ. ಆದ್ದರಿಂದ ಅವರ ಮುಂದಿದ್ದ ಪಾಠ ಯಾವುದು ಎನ್ನುವುದರಲ್ಲಿ ಸಂಶಯವೇ ಇಲ್ಲ. ಕಾಶ್ಮೀರದ ಪಾಠಕ್ಕೆ ಸಾಕ್ಷಿಗಳು ಅಭಿನವಗುಪ್ತ, ರಾಮಕಂಠ ಮೊದಲಾದ ಕಾಶ್ಮೀರದ ವ್ಯಾಖ್ಯಾನಕಾರರು. ಈ ಪಾಠವನ್ನು 1930ರಲ್ಲಿ ವಿದ್ವಾಂಸರ ಗಮನಕ್ಕೆ ತಂದವರು ಜರ್ಮನಿಯ ಎಫ್. ಓಟೋ ಶ್ರಾಡರ್.

ಇಲ್ಲೊಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ಭಾಷ್ಯದ ಪುಸ್ತಕ ಮುದ್ರಿಸುವವರು ಮೇಲೆ ದಪ್ಪಕ್ಷರದಲ್ಲಿ ಮೂಲಶ್ಲೋಕ ಹಾಕುತ್ತಾರಲ್ಲ, ಅದನ್ನು ಭಾಷ್ಯಕಾರರ ಪಾಠ ಅಂತ ತಿಳಿಯುವುದು. ಎಷ್ಟೋ ಸಲ ಪ್ರಕಾಶಕರು ಊರಿಗೆಲ್ಲ ಗೊತ್ತಿರುವ ಶ್ಲೋಕವನ್ನೇ ಮೇಲೆ ಜೋಡಿಸಿರುತ್ತಾರೆ, ಕೆಳಗೆ ವ್ಯಾಖ್ಯಾನ ಬೇರೆಯದೇ ಪದಕ್ಕೆ ಅರ್ಥ ಹೇಳುತ್ತಿರುತ್ತದೆ. ಹಾಗಾಗಿ ಮೇಲಿನ ಶ್ಲೋಕವನ್ನು ಕೈಯಿಂದ ಮುಚ್ಚಿ. ವ್ಯಾಖ್ಯಾನದ ಒಳಗೆ ಯಾವ ಪದ ಎತ್ತಿ ಹೇಳಿದ್ದಾರೆ, ಅದಕ್ಕೆ ಯಾವ ಅರ್ಥ ಕೊಟ್ಟಿದ್ದಾರೆ, ಅದು ಮಾತ್ರ ಲೆಕ್ಕಕ್ಕೆ. ಪದ ಎತ್ತಿ ಹೇಳಿರುವುದಕ್ಕಿಂತ ಅರ್ಥ ಕೊಟ್ಟಿರುವುದು ಗಟ್ಟಿ ಸಾಕ್ಷಿ. ಎತ್ತಿ ಹೇಳಿದ ಪದವನ್ನು ನಡುವಿನ ನಕಲುಗಾರ ತನಗೆ ಬಾಯಿಪಾಠ ಇದ್ದ ಹಾಗೆ ತಿದ್ದಿರಬಹುದು. ಅರ್ಥದ ಸಾಲನ್ನು ತಿದ್ದುವ ಗೋಜಿಗೆ ಯಾರೂ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಮತ್ತೆ, ಸಾಕ್ಷಿ ಎಲ್ಲಿ ಬಾಯಿ ಬಿಡುವುದೇ ಇಲ್ಲ ಅನ್ನುವುದನ್ನೂ ಬರೆಯಬೇಕು. ಶಂಕರರು ಮೊದಲ ಅಧ್ಯಾಯಕ್ಕೆ ಭಾಷ್ಯ ಬರೆದಿಲ್ಲ. ಎರಡನೇ ಅಧ್ಯಾಯದ ಹತ್ತು-ಹನ್ನೊಂದನೇ ಶ್ಲೋಕದ ಹತ್ತಿರ ಶುರು ಮಾಡುತ್ತಾರೆ. ಹಾಗಿದ್ದ ಮೇಲೆ ಮೊದಲ ಅಧ್ಯಾಯದ ಒಂದು ಪದಕ್ಕೆ "ಶಂಕರರ ಪಾಠ ಇದು" ಅಂತ ಬರೆದರೆ ಅದು ಇಲ್ಲದ ಸಾಕ್ಷಿ. ಇಂಥ ತಪ್ಪು ನಾನು ವರ್ಷಕ್ಕೆ ಎರಡು ಮೂರು ನೋಡುತ್ತೇನೆ.

ಬದಲಾವಣೆಗೆ ಒಂದು ಹೆಸರು

ಪಾಠ ಯಾವ ಬಗೆಯಲ್ಲಿ ಬದಲಾಯಿತು ಅಂತ ಹೆಸರಿಟ್ಟು ಹೇಳಲು ಪರದೇಶದ ಪಠ್ಯಪುಸ್ತಕಕ್ಕೆ ಓಡಬೇಕಾಗಿಲ್ಲ. ಹದಿಮೂರನೇ ಶತಮಾನದಲ್ಲೇ ಉಡುಪಿಯ ಮಧ್ವಾಚಾರ್ಯರು ಮಹಾಭಾರತ ತಾತ್ಪರ್ಯ ನಿರ್ಣಯದ ಎರಡನೇ ಅಧ್ಯಾಯದಲ್ಲಿ ಇದನ್ನು ಹೇಳಿದ್ದಾರೆ: "ಕ್ವಚಿದ್ ಗ್ರಂಥಾನ್ ಪ್ರಕ್ಷಿಪಂತಿ ಕ್ವಚಿದಂತರಿತಾನಪಿ, ಕುರ್ಯುಃ ಕ್ವಚಿಚ್ಚ ವ್ಯತ್ಯಾಸಂ ಪ್ರಮಾದಾತ್ ಕ್ವಚಿದನ್ಯಥಾ." ಕೆಲವು ಕಡೆ ಸೇರಿಸುತ್ತಾರೆ, ಕೆಲವು ಕಡೆ ಬಿಡುತ್ತಾರೆ, ಕೆಲವು ಕಡೆ ಹಿಂದುಮುಂದು ಮಾಡುತ್ತಾರೆ, ಕೆಲವು ಕಡೆ ಎಚ್ಚರ ತಪ್ಪಿ ಬೇರೆ ಮಾಡಿಬಿಡುತ್ತಾರೆ. ಮಹಾಭಾರತದ ಪ್ರತಿಗಳನ್ನು ಕಣ್ಣಾರೆ ಹೋಲಿಸಿ ನೋಡಿದವರು ಆಡುವ ಮಾತು ಇದು. ನಮ್ಮ ಪ್ರಬಂಧಕ್ಕೆ ಈ ನಾಲ್ಕು ಸಾಕು.

ಸೇರಿಸಿದ್ದಕ್ಕೆ ಗೀತೆಯಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಕೆಲವು ಪುಸ್ತಕಗಳಲ್ಲಿ ಗೀತೆಗೆ 700 ಶ್ಲೋಕ, ಕೆಲವದರಲ್ಲಿ 701. ಆ ಒಂದು ಜಾಸ್ತಿ ಹದಿಮೂರನೇ ಅಧ್ಯಾಯದ ಬಾಗಿಲಲ್ಲೇ ಇದೆ. "ಪ್ರಕೃತಿಂ ಪುರುಷಂ ಚೈವ ಕ್ಷೇತ್ರಂ ಕ್ಷೇತ್ರಜ್ಞಮೇವ ಚ" ಅಂತ ಅರ್ಜುನ ಕೇಳುವ ಪ್ರಶ್ನೆ. ಶಂಕರರು ಇದಕ್ಕೆ ಭಾಷ್ಯ ಬರೆದಿಲ್ಲ. ಅದೂ ಅಲ್ಲದೆ ಭಾಷ್ಯದ ಪೀಠಿಕೆಯಲ್ಲಿ "ಸಪ್ತಭಿಃ ಶ್ಲೋಕಶತೈಃ" ಅಂತ ಏಳುನೂರರ ಲೆಕ್ಕವನ್ನೇ ಕೊಟ್ಟಿದ್ದಾರೆ. ಪುಣೆಯ ಆವೃತ್ತಿಯ ಮೂಲದಲ್ಲೂ ಇದು ಇಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕೆಲಸ. ಯಾಕೆ ಸೇರಿತು ಅಂತ ಹೇಳಬೇಕು. ಆ ಅಧ್ಯಾಯ ಯಾರೂ ಏನೂ ಕೇಳದೆ ಕೃಷ್ಣನೇ ಮಾತು ಶುರುಮಾಡುವ ಹಾಗೆ ಇದೆ. ಉತ್ತರ ಇದೆ, ಪ್ರಶ್ನೆ ಇಲ್ಲ. ಯಾರೋ ಪ್ರಶ್ನೆ ಕಟ್ಟಿ ಕೂರಿಸಿದ್ದಾರೆ. ಪ್ರಶ್ನೆಯ ಪದಗಳನ್ನು ನೋಡಿ: ಪ್ರಕೃತಿ, ಪುರುಷ, ಕ್ಷೇತ್ರ, ಕ್ಷೇತ್ರಜ್ಞ, ಜ್ಞಾನ, ಜ್ಞೇಯ. ಎಲ್ಲವೂ ಅದೇ ಅಧ್ಯಾಯದಲ್ಲಿ ಮುಂದೆ ಬರುವ ಪದಗಳು. ಉತ್ತರ ನೋಡಿಕೊಂಡು ಪ್ರಶ್ನೆ ಬರೆದಂತಿದೆ, ಅಲ್ವಾ? ಇನ್ನೊಂದು ಕಡೆಯಿಂದಲೂ ಯೋಚಿಸಿ. ಮೊದಲು ಈ ಶ್ಲೋಕ ಇದ್ದು, ಆಮೇಲೆ ಬಿಟ್ಟುಹೋಯಿತು ಅನ್ನುವುದಾದರೆ ಅದಕ್ಕೆ ಕಾರಣ ಹುಡುಕುವುದು ಕಷ್ಟ. ಹೀಗೆ ಎರಡೂ ದಿಕ್ಕಿನಿಂದ ಕೇಳಿ ನೋಡುವುದೇ ಈ ಕೆಲಸದ ತಿರುಳು.

ಬಿಟ್ಟುಹೋಗುವುದು ಹೇಗೆ ಅಂತ ಕಣ್ಣಲ್ಲಿ ಕಾಣಬೇಕಾದರೆ ಮೊದಲ ಅಧ್ಯಾಯದ ಹತ್ತನೇ ಶ್ಲೋಕ ನೋಡಿ. ಮೇಲಿನ ಸಾಲು "ಬಲಂ ಭೀಷ್ಮಾಭಿರಕ್ಷಿತಮ್" ಅಂತ ಮುಗಿಯುತ್ತದೆ, ಕೆಳಗಿನದು "ಬಲಂ ಭೀಮಾಭಿರಕ್ಷಿತಮ್" ಅಂತ. ಓಲೆಯ ಮೇಲೆ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ನಕಲುಗಾರ ಮೊದಲ "ಭಿರಕ್ಷಿತಮ್" ಬರೆದು, ಓಲೆ ಕೊರೆಯುವ ಕಂಟ ಎತ್ತಿ, ಮತ್ತೆ ಮೂಲದ ಕಡೆ ಕಣ್ಣು ಹಾಯಿಸುತ್ತಾನೆ. ಕಣ್ಣು ಎರಡನೇ "ಭಿರಕ್ಷಿತಮ್" ಮೇಲೆ ಬಿದ್ದರೆ ಮುಗಿಯಿತು, ನಡುವಿನ ಒಂದು ಸಾಲು ಮಾಯ. ಅವನಿಗೆ ತಪ್ಪು ಗೊತ್ತೇ ಆಗುವುದಿಲ್ಲ. ಹಳೆಯ ಪ್ರತಿಗಳ ಕೊನೆಯಲ್ಲಿ "ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ" ಎಂಬ ಶ್ಲೋಕ ಇರುತ್ತದೆ. ಕಂಡ ಹಾಗೆ ಬರೆದಿದ್ದೇನೆ, ತಪ್ಪಿದ್ದರೆ ನನ್ನದಲ್ಲ ಅಂತ. ಪಾಪ, ಬೆನ್ನು ಬಗ್ಗಿಸಿ ಕೊರೆದವರ ಮಾತು.

ಯಾವುದರಿಂದ ಯಾವುದು?

ಈಗ ಮತ್ತೆ 2.11ಕ್ಕೆ. ಪ್ರಬಂಧದ ಅರ್ಧದಷ್ಟು ಜಾಗ ಇಲ್ಲಿಗೆ ಇಟ್ಟುಕೊಳ್ಳಿ.

ಮೊದಲು ಛಂದಸ್ಸು ನೋಡಿ. ಎರಡೂ ಪಾಠದಲ್ಲಿ ಎಂಟೆಂಟು ಅಕ್ಷರ, ಐದನೆಯದು ಲಘು, ಆರನೆಯದು ಗುರು, ಏಳನೆಯದು ಮೊದಲ ಪಾದದಲ್ಲಿ ಗುರು, ಎರಡನೇ ಪಾದದಲ್ಲಿ ಲಘು. ಎರಡೂ ಸರಿ. ಅಂದರೆ ಛಂದಸ್ಸು ಇಲ್ಲಿ ತೀರ್ಪು ಕೊಡುವುದಿಲ್ಲ. ಅದನ್ನೂ ಒಂದು ಸಾಲಿನಲ್ಲಿ ಬರೆಯಿರಿ, ಪರೀಕ್ಷೆ ಮಾಡಿದ್ದೀರಿ ಅಂತ ಗೊತ್ತಾಗಲಿ.

ಆಮೇಲೆ, ಇದು ಕಣ್ತಪ್ಪೋ ಬೇಕಂತಲೇ ಮಾಡಿದ್ದೋ? "ಪ್ರಜ್ಞಾ" ಹೋಗಿ "ಪ್ರಾಜ್ಞ" ಆಗುವುದು ಒಂದು ದೀರ್ಘ ಆಚೆ ಈಚೆ ಆದರೆ ಸಾಕು. ಅಷ್ಟೇ ಆಗಿದ್ದರೆ ಕಣ್ತಪ್ಪು ಅನ್ನಬಹುದಿತ್ತು. ಆದರೆ ಸಾಲಿನ ಮೊದಲ ಅರ್ಧವೂ ಬದಲಾಗಿದೆ. "ಅನ್ವಶೋಚಃ" ಎಂದರೆ "ಅತ್ತೆ", ಪೂರ್ತಿ ಕ್ರಿಯಾಪದ. "ಅನುಶೋಚನ್" ಎಂದರೆ "ಅಳುತ್ತಾ". ಎರಡನೇ ಅರ್ಧದಲ್ಲಿ "ಮತ್ತು" ಎಂಬ ಅರ್ಥದ "ಚ" ಹೋಗಿ "ನ" ಬಂದಿದೆ. ಎರಡು ವಾಕ್ಯ ಇದ್ದದ್ದು ಒಂದೇ ವಾಕ್ಯ ಆಯಿತು. ಎರಡೂ ಅರ್ಧ ಒಂದಕ್ಕೊಂದು ಹೊಂದುವ ಹಾಗೆ ಬದಲಾಗಿವೆ. ಕಣ್ತಪ್ಪು ಹೀಗೆ ಕೂಡಿ ಮಾತಾಡಿಕೊಂಡು ಬರುವುದಿಲ್ಲ. ಇಲ್ಲಿ ವ್ಯಾಕರಣ ಬಲ್ಲ ಒಬ್ಬರ ಕೈ ಆಡಿದೆ.

ಹಾಗಾದರೆ ಆ ಕೈ ಯಾವ ಪಾಠವನ್ನು ತಿದ್ದಿತು? ಇಲ್ಲಿ ಕ್ಲಿಷ್ಟಪಾಠದ ನಿಯಮ ಕೆಲಸಕ್ಕೆ ಬರುತ್ತದೆ. ತಿದ್ದುವವರು ಕಷ್ಟದ್ದನ್ನು ಸುಲಭ ಮಾಡುತ್ತಾರೆ, ಸುಲಭದ್ದನ್ನು ಕಷ್ಟ ಮಾಡುವುದು ಅಪರೂಪ. ಹಾಗಾಗಿ ತುಸು ಕಷ್ಟವಾಗಿರುವ ಪಾಠವೇ ಹಳೆಯದಾಗಿರುವ ಸಂಭವ ಜಾಸ್ತಿ. "ಪ್ರಜ್ಞಾವಾದಾಂಶ್ಚ ಭಾಷಸೇ" ಓದುವವನು ಒಂದು ಕ್ಷಣ ನಿಲ್ಲುತ್ತಾನೆ. ಅರ್ಜುನ ಅಳುತ್ತಾ ಕೂತಿದ್ದಾನೆ, ಅವನು ಜಾಣರ ಮಾತಾಡುತ್ತಾನೆ ಅಂದರೇನು? ಕೃಷ್ಣ ಕುಟುಕುತ್ತಿದ್ದಾನೆ ಅಂತ ಹೊಳೆದರೆ ಸಾಲು ಬೆಳಗುತ್ತದೆ. ಕುಲಧರ್ಮ, ವರ್ಣಸಂಕರ, ಪಿಂಡೋದಕ ಅಂತ ಮೊದಲ ಅಧ್ಯಾಯದಲ್ಲಿ ಅರ್ಜುನ ದೊಡ್ಡ ದೊಡ್ಡ ಮಾತೇ ಆಡಿದ್ದಾನಲ್ಲ. ಈ ಕುಟುಕು ಕಾಣದಿದ್ದರೆ ಸಾಲು ಮುಗ್ಗರಿಸಿದಂತೆ ಕಾಣುತ್ತದೆ, ತಿದ್ದಬೇಕು ಅನ್ನಿಸುತ್ತದೆ. "ಜಾಣನ ಹಾಗೆ ಮಾತಾಡುತ್ತಿಲ್ಲ" ಅಂದರೆ ಎಲ್ಲ ನೇರ, ಕುಟುಕು ಹೋಯಿತು. ಈ ದಿಕ್ಕಿಗೆ ಕಾರಣ ಸಿಗುತ್ತದೆ. ತಿರುಗಿಸಿ ನೋಡಿ: "ಜಾಣನ ಹಾಗೆ ಮಾತಾಡುತ್ತಿಲ್ಲ" ಎಂಬ ನೇರ ಸಾಲನ್ನು ಯಾರಾದರೂ ಯಾಕೆ ತಿರುಚಿ ಗೋಜಲು ಮಾಡುತ್ತಾರೆ?

ಶ್ರಾಡರ್ ಕಾಶ್ಮೀರದ ಪಾಠಕ್ಕೆ ಜಾಸ್ತಿ ಬೆಲೆ ಕೊಟ್ಟರು. ಬೆಲ್ವಲ್ಕರ್ ಅದನ್ನು ಒಪ್ಪದೆ, ಅದು ಈಚೆಗೆ ತಿದ್ದಿಕೊಂಡ ಪಾಠ ಎಂದು ವಾದಿಸಿದರು. ಈ ಶ್ಲೋಕದ ಮಟ್ಟಿಗೆ ನಾನು ಬೆಲ್ವಲ್ಕರ್ ಕಡೆ. ಆದರೆ ಪ್ರಬಂಧದಲ್ಲಿ "ವಿದ್ವಾಂಸರು ಹೀಗೆ ಹೇಳಿದ್ದಾರೆ" ಅಂತ ತಳ್ಳಿಬಿಡಬೇಡಿ, ಮೇಲಿನ ಥರ ಕಾರಣವನ್ನು ನೀವೇ ನಡೆದು ತೋರಿಸಿ.

ಪಾಠ ಬಂದ ದಾರಿ

ಪಾಠ ಒಂದು ಕೈಯಿಂದ ಇನ್ನೊಂದಕ್ಕೆ ಹೇಗೆ ಬಂತು ಅನ್ನುವ ಭಾಗ ಇದು. ಇಲ್ಲಿ ಎಲ್ಲರೂ ಮಾಡುವ ತಪ್ಪು ತಲೆ ಎಣಿಸುವುದು. "ನಲವತ್ತು ಪ್ರತಿಯಲ್ಲಿ ಹೀಗಿದೆ, ಮೂರರಲ್ಲಿ ಹಾಗಿದೆ, ಆದ್ದರಿಂದ ನಲವತ್ತರದ್ದೇ ಸರಿ." ಒಬ್ಬ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಲೆಕ್ಕ ತಪ್ಪು ಬರೆದರೆ ನಲವತ್ತು ಹುಡುಗರ ನೋಟ್‌ಬುಕ್ಕಿನಲ್ಲೂ ಅದೇ ತಪ್ಪು ಇರುತ್ತದೆ. ಸಾಕ್ಷಿ ನಲವತ್ತಲ್ಲ, ಒಂದು. ಪ್ರತಿಗಳೂ ಹೀಗೇ. ಎಷ್ಟು ಪ್ರತಿ ಅನ್ನುವುದಕ್ಕಿಂತ ಎಷ್ಟು ಬೇರೆ ಬೇರೆ ಮನೆತನದ ಪ್ರತಿ ಅನ್ನುವುದು ಮುಖ್ಯ. ಒಂದೇ ಮನೆತನ ಅಂತ ಗುರುತಿಸುವುದು ಒಂದೇ ತಪ್ಪನ್ನು ಹಂಚಿಕೊಂಡಿರುವುದರಿಂದ. ಸರಿಯಾದ ಪಾಠ ಯಾರಲ್ಲಿ ಬೇಕಾದರೂ ಇರಬಹುದು.

ಪುಣೆ ಆವೃತ್ತಿಯ ಪ್ರಧಾನ ಸಂಪಾದಕ ವಿ.ಎಸ್. ಸುಖ್ಥಣಕರ್ 1933ರಲ್ಲಿ ಆದಿಪರ್ವದ ಪೀಠಿಕೆಯಲ್ಲಿ ಹೇಳಿದ ಮುಖ್ಯ ಮಾತೂ ಇದೇ ಬಗೆಯದು. ಒಂದಕ್ಕೊಂದು ಸಂಪರ್ಕವಿಲ್ಲದೆ ಬೆಳೆದ ಉತ್ತರದ ಮತ್ತು ದಕ್ಷಿಣದ ಪ್ರತಿಗಳು ಒಂದು ಕಡೆ ಒಪ್ಪಿದರೆ, ಆ ಪಾಠ ಅವೆರಡೂ ಕವಲೊಡೆಯುವ ಮುಂಚಿನದು. ಸಂಶಯ ಉಳಿದ ಪದದ ಕೆಳಗೆ ಆ ಆವೃತ್ತಿಯಲ್ಲಿ ಅಲೆಅಲೆಯಾದ ಗೆರೆ ಎಳೆದಿರುತ್ತಾರೆ. ಆ ಗೆರೆ ಗಮನಿಸದೆ "ಪುಣೆ ಆವೃತ್ತಿಯಲ್ಲಿ ನಿರ್ಧಾರವಾಗಿದೆ" ಅಂತ ಬರೆಯುವವರಿದ್ದಾರೆ.

ಬರೆದವರಿಗೂ ಪ್ರತಿಗೂ ನಡುವೆ ಒಂದು ಕೊಂಡಿ ಮಾತ್ರ ಇರುವ ದಾರಿ ಅಪರೂಪ. ಪಲಿಮಾರು ಮಠದಲ್ಲಿ ಅಂಥದ್ದೊಂದು ಇದೆ. ಮಧ್ವಾಚಾರ್ಯರ ನೇರ ಶಿಷ್ಯ ಹೃಷೀಕೇಶತೀರ್ಥರು ತುಳು ಲಿಪಿಯಲ್ಲಿ ಬರೆದದ್ದು ಎನ್ನಲಾದ ಓಲೆಪ್ರತಿ. ಬನ್ನಂಜೆ ಗೋವಿಂದಾಚಾರ್ಯರು ಮಧ್ವರ ಕೃತಿಗಳನ್ನು ಸಂಪಾದಿಸುವಾಗ ಅದನ್ನು ಆಧಾರವಾಗಿ ಇಟ್ಟುಕೊಂಡರು. ಮೂಲ ಗೀತೆಗೆ ಇಂಥ ಭಾಗ್ಯ ಇಲ್ಲ.

ತೀರ್ಪು ಸಿಗದ ಕಡೆ

ಮೊದಲ ಅಧ್ಯಾಯದ ಹತ್ತನೇ ಶ್ಲೋಕಕ್ಕೆ ಮತ್ತೆ ಬರೋಣ. "ಅಪರ್ಯಾಪ್ತಂ ತದಸ್ಮಾಕಂ ಬಲಂ ಭೀಷ್ಮಾಭಿರಕ್ಷಿತಮ್, ಪರ್ಯಾಪ್ತಂ ತ್ವಿದಮೇತೇಷಾಂ ಬಲಂ ಭೀಮಾಭಿರಕ್ಷಿತಮ್." ದುರ್ಯೋಧನ ತನ್ನ ಸೈನ್ಯವನ್ನೇ ಸಾಲದು ಅನ್ನುತ್ತಿದ್ದಾನಾ? ರಾಮಾನುಜರು ಹಾಗೇ ಅರ್ಥ ಮಾಡಿ, ಅವನು ಒಳಗೇ ಕುಗ್ಗಿದ ಎನ್ನುತ್ತಾರೆ. "ಅಪರ್ಯಾಪ್ತ" ಎಂದರೆ "ಅಳತೆಗೆ ಸಿಗದಷ್ಟು" ಅಂತ ಇನ್ನು ಕೆಲವರು. ಇದು ಅರ್ಥಭೇದ, ಪಾಠಭೇದ ಅಲ್ಲ. ಇವೆರಡನ್ನು ಕಲಸಿದರೆ ಪ್ರಬಂಧ ಅಲ್ಲಿಗೇ ಕೆಡುತ್ತದೆ.

ಪಾಠಭೇದ ಇರುವುದು ಭಾಸ್ಕರ ಎಂಬ ಹಳೆಯ ವೇದಾಂತಿ ಗೀತೆಗೆ ಬರೆದ ವ್ಯಾಖ್ಯಾನದಲ್ಲಿ. ಅವನ ಪಾಠದಲ್ಲಿ ಭೀಮ ಮೇಲೆ, ಭೀಷ್ಮ ಕೆಳಗೆ. "ಭೀಮ ಕಾಯುವ ಆ ಸೈನ್ಯ ನಮಗೆ ಸಾಟಿಯಲ್ಲ, ಭೀಷ್ಮ ಕಾಯುವ ಈ ಸೈನ್ಯ ಅವರಿಗೆ ಸಾಕು." ಅರ್ಥ ಥಟ್ಟನೆ ಕೂರುತ್ತದೆ. "ತದ್" ಅಂದರೆ ಆ, "ಇದಮ್" ಅಂದರೆ ಈ. ದೂರದ ವೈರಿ ಸೈನ್ಯ "ಆ", ಕಾಲ ಬಳಿಯ ನಮ್ಮದು "ಈ". ಪ್ರಚಲಿತ ಪಾಠದಲ್ಲಿ ಇದು ತಿರುಗುಮುರುಗು. ಸಂಸ್ಕೃತ ವಿದ್ವಾಂಸ ವಾನ್ ಬ್ಯೂಟಿನೆನ್ 1965ರಲ್ಲಿ ಭಾಸ್ಕರನ ಪಾಠದ ಪರವಾಗಿ ಬರೆದರು.

ಈಗ ನಮ್ಮ ನಿಯಮ ಹಚ್ಚಿ ನೋಡಿ. ಭೀಷ್ಮಾ, ಭೀಮಾ ಎರಡರಲ್ಲೂ ಎರಡು ಗುರು, ಛಂದಸ್ಸು ಇಲ್ಲೂ ಮೌನ. ಶಂಕರಭಾಷ್ಯವೂ ಇಲ್ಲಿಲ್ಲ. ಕ್ಲಿಷ್ಟಪಾಠದ ನಿಯಮದಂತೆ ಪ್ರಚಲಿತ ಪಾಠವೇ ಹಳೆಯದಾಗಬೇಕು, ಭಾಸ್ಕರನದು ನಯ ಮಾಡಿದ್ದು. ಆದರೆ ಆ ನಿಯಮಕ್ಕೆ ಒಂದು ಮಿತಿ ಇದೆ. ಕಷ್ಟದ ಪಾಠ ಬೇರೆ, ಕೆಟ್ಟ ಪಾಠ ಬೇರೆ. ಒಂದು ಒತ್ತಕ್ಷರದ ಅಂತರ ಇರುವ ಎರಡು ಹೆಸರು, ಒಂದೇ ಥರ ಮುಗಿಯುವ ಎರಡು ಸಾಲು. ಕಣ್ತಪ್ಪಿನಿಂದ ಅದಲುಬದಲಾಗಿ ಕಷ್ಟ ಹುಟ್ಟಿರುವುದೂ ಸಾಧ್ಯ.

ಇನ್ನೊಂದು ಸುಳಿವಿದೆ. ಭೀಷ್ಮಪರ್ವದಲ್ಲೇ ಮುಂದೆ, ಪುಣೆ ಆವೃತ್ತಿಯ 47ನೇ ಅಧ್ಯಾಯದಲ್ಲಿ, ದುರ್ಯೋಧನ ತನ್ನವರಿಗೆ ಧೈರ್ಯ ತುಂಬುತ್ತಾ "ಅಪರ್ಯಾಪ್ತಂ ತದಸ್ಮಾಕಂ ಬಲಂ ಭೀಷ್ಮಾಭಿರಕ್ಷಿತಮ್" ಎಂಬ ಸಾಲನ್ನೇ ಆಡುತ್ತಾನೆ. ಅಲ್ಲಿ "ನಮ್ಮದು ಸಾಲದು" ಅನ್ನುವುದಕ್ಕೆ ಸಾಧ್ಯವೇ ಇಲ್ಲ. ಅಳತೆಗೆ ಸಿಗದ್ದು ಅಂತಲೇ ಆಗಬೇಕು. ಹಾಗಾದರೆ ಭೀಷ್ಮನೇ ಮೇಲಿನ ಸಾಲಿನವನು ಅನ್ನುವುದಕ್ಕೆ ಬಲ ಬಂತು. ಆದರೂ ಒಂದು ಕಡೆಯ ಸಾಲು ಬಾಯಿಪಾಠದಿಂದ ಇನ್ನೊಂದು ಕಡೆ ಬಂದು ಕೂತಿರಬಹುದಲ್ಲ, ಅದನ್ನು ತಳ್ಳಿಹಾಕಲಾಗದು. ನನ್ನ ಒಲವು ಪ್ರಚಲಿತ ಪಾಠದ ಕಡೆಗೆ, ಆದರೆ 2.11ರಲ್ಲಿ ಇದ್ದಷ್ಟು ಧೈರ್ಯ ಇಲ್ಲಿಲ್ಲ.

ಈ ಧೈರ್ಯದ ಹೆಚ್ಚುಕಡಿಮೆ ನಿಮ್ಮ ವಾಕ್ಯದಲ್ಲಿ ಕಾಣಬೇಕು. 1.10ಕ್ಕೆ ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ: "ಭಾಸ್ಕರನ ಪಾಠ ತದ್-ಇದಮ್ ಪದಗಳಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಆ ಹೊಂದಿಕೆಯೇ ಅದು ತಿದ್ದಿದ ಪಾಠ ಎಂಬ ಶಂಕೆಗೂ ಎಡೆಕೊಡುತ್ತದೆ. ಭೀಷ್ಮಪರ್ವದ ಮುಂದಿನ ಸಮಾನ ಸಾಲು ಪ್ರಚಲಿತ ಪಾಠವನ್ನು ಬೆಂಬಲಿಸುತ್ತದೆ. ಎರಡು ಸಾಲುಗಳೂ ಒಂದರ ಪ್ರಭಾವದಿಂದ ಇನ್ನೊಂದು ರೂಪುಗೊಂಡಿರುವ ಸಾಧ್ಯತೆ ಇರುವುದರಿಂದ, ಪ್ರಚಲಿತ ಪಾಠವನ್ನು ಸಂಶಯದ ಗುರುತಿನೊಂದಿಗೆ ಉಳಿಸಿಕೊಳ್ಳಲಾಗಿದೆ." ನಾಲ್ಕೇ ವಾಕ್ಯ. "ಭಾಸ್ಕರ ತಪ್ಪು ಮಾಡಿದ" ಎಂಬ ಮಾತು ಎಲ್ಲೂ ಇಲ್ಲ. ಅವನ ಮುಂದಿದ್ದ ಪ್ರತಿಯಲ್ಲಿ ಇದ್ದದ್ದೇ ಹಾಗೆ ಇರಬಹುದು.